ಮೂರು ಸಾವಿರದ ಐವತ್ತು ರೂಪಾಯಿ

ಅಪಾರ್ಟ್‌ಮೆಂಟಿಗೆ ಪೈಪ್ ಗ್ಯಾಸ್ ಬಂತು, ಇನ್ನು ಸಿಲಿಂಡರ್ ಸರೆಂಡರ್ ಮಾಡೋಣ ಅಂತ ನಾನು ಅಂದಿದ್ದೇ ತಡ, ನಮ್ಮನೆಯವಳು ಆ ದುಡ್ಡಲ್ಲಿ ಹೊಸ ಮಿಕ್ಸಿ ತಗೊಳ್ಳೋ ಲೆಕ್ಕ ಹಾಕಿಬಿಟ್ಲು. 2016ರಲ್ಲಿ ಕನೆಕ್ಷನ್ ತಗೊಂಡಾಗ ಆರು ಸಾವಿರದ ಚಿಲ್ಲರೆ ಕಟ್ಟಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. "ಅಷ್ಟೂ ಡೆಪಾಸಿಟ್ಟೇ ರೀ, ವಾಪಸ್ ಬರುತ್ತೆ."

ನಾನೂ ನಂಬಿದೆ. ನಂಬಿ, ಒಂದು ಖಾಲಿ ಸಿಲಿಂಡರು, ಒಲೆಗೆ ಹಾಕಿದ್ದ ಇನ್ನೊಂದು, ರೆಗ್ಯುಲೇಟರು, ನೀಲಿ ಪುಸ್ತಕ, ಎಲ್ಲಾನೂ ಆಟೋಗೆ ಹೇರ್ಕೊಂಡು ಏಜೆನ್ಸಿಗೆ ಹೋದೆ. ಕೌಂಟರಲ್ಲಿದ್ದ ಮೇಡಂ ನೀಲಿ ಪುಸ್ತಕವನ್ನ ತೆಗೆದೂ ನೋಡದೆ ಪಕ್ಕಕ್ಕಿಟ್ಟು "ಎಸ್‌ವಿ ಕೊಡಿ ಸರ್" ಅಂದ್ರು. ಎಸ್‌ವಿ ಅಂದ್ರೆ ಸಬ್‌ಸ್ಕ್ರಿಪ್ಷನ್ ವೋಚರ್, ಎಷ್ಟು ಡೆಪಾಸಿಟ್ ಕಟ್ಟಿದೀವಿ ಅಂತ ಇರೋ ಕಾಗದ ಅದು, ನೀಲಿ ಪುಸ್ತಕದಲ್ಲಿ ಬರೀ ಸಿಲಿಂಡರ್ ಬಂದಿದ್ದು ಹೋಗಿದ್ದು ಬರ್ಕೊಳ್ಳೋದು. ಕಳೆದುಹೋಗಿದ್ರೆ ಛಾಪಾ ಕಾಗದದಲ್ಲಿ ಅಫಿಡವಿಟ್ ಮಾಡಿಸ್ಕೊಂಡು ಬನ್ನಿ ಅಂದ್ರು.

ಅಷ್ಟರಲ್ಲಿ ಗೋಡೌನ್ ಹುಡುಗ ನನ್ನ ಅರ್ಧ ಸಿಲಿಂಡರನ್ನ ಎತ್ತಿ ನೋಡಿ ನಕ್ಕ. "ಇದ್ರಲ್ಲಿ ಇನ್ನೂ ಗ್ಯಾಸ್ ಐತೆ ಸರ್." ತಕ್ಕಡಿಗೆ ತೂಗಿಸಿದ, 21.6 ಕೆಜಿ. ಸಿಲಿಂಡರ್ ಮೇಲ್ಗಡೆ ಹಿಡಿ ಇರುತ್ತಲ್ಲ, ಅದರ ಕೆಳಗಿನ ಪಟ್ಟೀಲಿ ಖಾಲಿ ತೂಕ ಬರೆದಿರುತ್ತೆ, ನಂದರಲ್ಲಿ 15.4 ಇತ್ತು. ಕಳೆದ್ರೆ 6.2 ಕೆಜಿ, ತುಂಬಿದ್ದಾಗ 14.2, ಅಂದ್ರೆ ಹೆಚ್ಚೂಕಡಿಮೆ ಅರ್ಧ ಸಿಲಿಂಡರು. ಇದಕ್ಕೆಷ್ಟು ಕೊಡ್ತೀರಿ ಅಂತ ಕೇಳ್ದೆ. ಮಿಕ್ಕಿದ ಗ್ಯಾಸಿಗೆ ಏನೂ ಬರಲ್ಲ, ಡೆಪಾಸಿಟ್ ಇರೋದು ಬಾಟ್ಲಿಗೆ ಅಷ್ಟೇ ಸರ್, ಮನೆಗೆ ತಗೊಂಡು ಹೋಗಿ ಉರಿಸ್ಕೊಂಡು ಬನ್ನಿ ಅಂದ್ರು ಮೇಡಂ.

ಆಮೇಲೆ ರೆಗ್ಯುಲೇಟರು. ಹಿಂದೆ ಒಂದ್ಸಲ ನಾಬ್ ಬಿಗಿಯಾಗಿ ತಿರುಗ್ತಾ ಇರ್ಲಿಲ್ಲ ಅಂತ ಅಂಗಡೀಲಿ ಒಂದು ಕೊಂಡು ಹಾಕಿದ್ದೆ, ದೊಡ್ಡ ಬುದ್ಧಿವಂತನ ಹಾಗೆ. ಮೇಡಂ ಅದನ್ನ ತಿರುಗಿಸಿ ನೋಡಿ "ಇದು ನಮ್ದಲ್ಲ" ಅಂದ್ರು. ನೀವೇ ಹಾಳು ಮಾಡ್ದೆ ತಾನಾಗೇ ಕೆಟ್ಟಿದ್ರೆ ನಾವೇ ಬಿಟ್ಟಿ ಬದಲಾಯಿಸಿ ಕೊಡ್ತಿದ್ವಲ್ಲ ಸರ್ ಅಂತ ಬೇರೆ ಸೇರಿಸಿದ್ರು, ಹೊಟ್ಟೆ ಉರಿಯೋಕೆ ಅಷ್ಟು ಸಾಕಿತ್ತು.

ಎರಡೂ ಸಿಲಿಂಡರ್ ವಾಪಸ್ ಮನೆಗೆ. ಆಟೋದವನು ಏನೂ ಕೇಳ್ಲಿಲ್ಲ, ಕನ್ನಡೀಲಿ ನೋಡ್ತಾ ಇದ್ದ ಅಷ್ಟೇ.

ಮುಂದಿನ ಮೂರು ವಾರ ನಮ್ಮನೇಲಿ ಹಬ್ಬ. ಪೈಪ್ ಗ್ಯಾಸನ್ನ ಮುಟ್ಟೋ ಹಾಗಿಲ್ಲ ಅಂತ ಆರ್ಡರ್ ಮಾಡಿ ಅಮ್ಮ ಹೋಳಿಗೆ, ಚಕ್ಕುಲಿ, ಕೊನೆಗೆ ಸ್ನಾನದ ನೀರನ್ನೂ ಅದೇ ಸಿಲಿಂಡರಲ್ಲೇ ಕಾಯಿಸಿದ್ರು. ಎಸ್‌ವಿ ನಮ್ಮ ಮದುವೆ ಆಲ್ಬಮ್ ಕವರಲ್ಲಿ ಸಿಕ್ತು, ಹಳೇ ರೆಗ್ಯುಲೇಟರು ಅಟ್ಟದ ಮೇಲೆ ದಸರಾ ಗೊಂಬೆ ಡಬ್ಬದಲ್ಲಿ, ಪಟ್ಟದ ರಾಣಿ ಪಕ್ಕ ಪೇಪರ್ ಸುತ್ಕೊಂಡು ಮಲಗಿತ್ತು.

ಎರಡನೇ ಸಲ ಎಲ್ಲಾ ಸರಿಹೋಯ್ತು. ಮೇಡಂ ಕ್ಯಾಲ್ಕುಲೇಟರ್ ಒತ್ತಿ ನನ್ನ ಕಡೆ ತಿರುಗಿಸಿದ್ರು. ಬಾಟ್ಲಿಗೆ 1450ರಂತೆ ಎರಡಕ್ಕೆ 2900, ರೆಗ್ಯುಲೇಟರಿಗೆ 150, ಒಟ್ಟು 3050. ಮಿಕ್ಕಿದ್ದೆಲ್ಲಿ ಅಂದ್ರೆ, ಒಲೆ ನೀವು ಕೊಂಡಿದ್ದು, ಪೈಪು ಕೊಂಡಿದ್ದು, ಮೊದಲನೇ ಗ್ಯಾಸ್ ಉರಿಸಿದ್ದು, ಫಿಟ್ಟಿಂಗ್ ಚಾರ್ಜು ಆಗ್ಲೇ ಮುಗಿದಿದ್ದು. ಡೆಪಾಸಿಟ್ಟು ಇಷ್ಟೇ.

ನಾನೂ ಬಿಡ್ಲಿಲ್ಲ. 2022ರ ಜೂನಲ್ಲಿ ಬಾಟ್ಲಿಗೆ 2200, ರೆಗ್ಯುಲೇಟರಿಗೆ 250 ಮಾಡಿದ್ರಲ್ಲ, ಆ ಲೆಕ್ಕದಲ್ಲಿ 4650 ಬರಬೇಕಲ್ವಾ ಅಂದೆ. "ಆ ರೇಟಲ್ಲಿ ಕಟ್ಟಿದವ್ರಿಗೆ ಆ ರೇಟು ಸರ್, ನಿಮ್ಮ ಎಸ್‌ವೀಲಿ ಏನಿದೆಯೋ ಅದೇ ನಿಮಗೆ." ಬಡ್ಡಿ ಅನ್ನೋ ಪದ ಬಾಯಿತನಕ ಬಂತು, ನುಂಗ್ಕೊಂಡೆ.

ಟರ್ಮಿನೇಷನ್ ವೋಚರ್ ಅಂತ ಒಂದು ಕಾಗದ ಕೊಟ್ಟು, ಟಿವಿ ಸರ್, ಮುಂದೆ ಬೇರೆ ಊರಲ್ಲಿ ಕನೆಕ್ಷನ್ ಬೇಕಂದ್ರೆ ಇದು ಕೇಳ್ತಾರೆ, ಜೋಪಾನ ಅಂದ್ರು. ಮನೆಗೆ ಫೋನ್ ಮಾಡಿ "ಟಿವಿ ಕೊಟ್ರು" ಅಂದೆ. ಆ ಕಡೆಯಿಂದ "ಎಷ್ಟು ಇಂಚಿಂದು?" ಅಂದ್ಲು.

ಮಿಕ್ಸಿ ಬರ್ಲಿಲ್ಲ. ಬಂದಿದ್ದು ಪೈಪ್ ಗ್ಯಾಸ್ ಹುಡುಗ, ಒಲೆಯ ಜೆಟ್ ಸರಿಯಾಗಿ ಕೂತಿದೆಯಾ ಅಂತ ನೋಡೋಕೆ. ಅವನು ಬರೋದನ್ನೇ ಕಾಯ್ತಾ ಇದ್ದೋರ ಹಾಗೆ ಅಮ್ಮ ಕೇಳಿದ್ರು: "ನಿಮ್ದಕ್ಕೂ ಡೆಪಾಸಿಟ್ ಕಟ್ಟಿದೀವಲ್ಲಪ್ಪ, ಅದರ ರಸೀದಿ ಯಾವ್ದು, ಸರಿಯಾಗಿ ತೋರಿಸು." ಅವನು ತೋರಿಸಿದ. ಅಮ್ಮ ಅದನ್ನ ತಗೊಂಡು ಹೋಗಿ ಗೊಂಬೆ ಡಬ್ಬದಲ್ಲಿಟ್ರು.