ಒಂದೇ ಸಲ ಒತ್ತಿದ್ದು ಸರ್

ಕಂಪ್ಯೂಟರ್ ಕೆಟ್ಟಾಗ ನಾವು ಹೇಳುವ ಕಥೆಯಲ್ಲಿ ನಮ್ಮ ಕೈ ಇರುವುದೇ ಇಲ್ಲ. "ನಾನೇನೂ ಮಾಡಿಲ್ಲ, ತಾನಾಗೇ ಹೀಗಾಯ್ತು" ಅಂತಲೇ ಶುರು. ಟೆಕ್ನೀಷಿಯನ್ ಬಂದು ಕೂತರೆ ಎಲ್ಲ ಸರಿ ಇರುತ್ತದೆ. ಡಾಕ್ಟರ ಮುಂದೆ ಕೂತಾಗ ನಿಂತುಹೋಗುವ ಹಲ್ಲುನೋವಿನ ಹಾಗೆ.

ನಮ್ಮ ಪತ್ತಿನ ಸಹಕಾರ ಸಂಘದ ಕೌಂಟರಿನಲ್ಲಿ ಆಗಾಗ ಒಂದೇ ಜಮಾಕ್ಕೆ ಎರಡು ರಸೀದಿ ಬರುತ್ತಿತ್ತು. ಸಂಜೆ ಲೆಕ್ಕ ಕೂಡಿಸುವಾಗ ಪೆಟ್ಟಿಗೆಯಲ್ಲಿ ದುಡ್ಡು ಕಮ್ಮಿ, ಪುಸ್ತಕದಲ್ಲಿ ಜಾಸ್ತಿ. ಕ್ಯಾಷಿಯರ್ ಮೇಡಂ ಫೋನಿನಲ್ಲಿ ಪ್ರತಿ ಸಲ ಹೇಳುತ್ತಿದ್ದದ್ದು ಒಂದೇ ಮಾತು: "ಸೇವ್ ಒಂದೇ ಸಲ ಒತ್ತಿದ್ದು ಸರ್." ಆ ಕಡೆ ನಮ್ಮ ಸಾಫ್ಟ್‌ವೇರ್ ನೋಡಿಕೊಳ್ಳುವ ಹುಡುಗ ತಾನೂ ಒತ್ತಿ ನೋಡಿದ. ಒಂದೇ ರಸೀದಿ ಬಂತು. ಮೇಡಂ ಸುಳ್ಳು ಹೇಳುತ್ತಿಲ್ಲ, ಹುಡುಗನೂ ಸುಳ್ಳು ಹೇಳುತ್ತಿಲ್ಲ. ಇಂಥ ಜಗಳ ಎಲ್ಲಿ ಮುಗಿಯುತ್ತೆ?

ಕೊನೆಗೆ ಆತ, "ಸ್ಟಾರ್ಟ್ ಮೆನುನಲ್ಲಿ `psr` ಅಂತ ಟೈಪ್ ಮಾಡಿ ಮೇಡಂ" ಅಂದ. ಒಂದು ಸಣ್ಣ ಪಟ್ಟಿ ಬಂದು ಕೂತಿತು. ಅದರಲ್ಲಿ `Start Record`, `Stop Record`, `Add Comment`, ಅಷ್ಟೇ. ವಿಂಡೋಸ್ 7ರ ಕಾಲದಿಂದ ಪ್ರತಿ ವಿಂಡೋಸ್ ಕಂಪ್ಯೂಟರಿನಲ್ಲೂ ಸುಮ್ನೆ ಕೂತಿದ್ದ ಸ್ಟೆಪ್ಸ್ ರೆಕಾರ್ಡರ್ ಅನ್ನೋ ಸಲಕರಣೆ ಇದು. ಶುರು ಮಾಡಿದ ಮೇಲೆ ನೀವು ಮೌಸ್ ಒತ್ತಿದಾಗಲೆಲ್ಲ ತಾನೇ ಪರದೆಯ ಒಂದು ಚಿತ್ರ ತೆಗೆದುಕೊಳ್ಳುತ್ತದೆ. ಒತ್ತಿದ ಜಾಗಕ್ಕೆ ಹಸಿರು ಚೌಕಟ್ಟು ಹಾಕುತ್ತದೆ. ಯಾವ ಕಿಟಕಿಯ ಯಾವ ಬಟನ್ ಒತ್ತಿದಿರಿ ಅಂತ ಒಂದು ಸಾಲನ್ನೂ ಬರೆಯುತ್ತದೆ. ನಿಲ್ಲಿಸಿದರೆ ಎಲ್ಲವೂ ಒಂದು ಜಿಪ್ ಫೈಲಿನೊಳಗೆ ಸೇರಿ, ಮೇಲ್‌ನಲ್ಲಿ ಕಳಿಸಲು ತಯಾರಾಗುತ್ತದೆ.

ಮೇಡಂ ಉತ್ಸಾಹದಲ್ಲಿ ಕೌಂಟರ್ ತೆರೆದಾಗಲೇ ಅದನ್ನು ಶುರು ಮಾಡಿ ಮಧ್ಯಾಹ್ನ ಊಟದ ಹೊತ್ತಿಗೆ ನಿಲ್ಲಿಸಿದರು. ಸಾಲುಗಳು ಉದ್ದಕ್ಕೆ ಇದ್ದವು, ಚಿತ್ರಗಳು ಮಾತ್ರ ಕೊನೆಯ 25ಕ್ಕೆ. ಅದರ ಮೂಲ ಲೆಕ್ಕವೇ ಅಷ್ಟು. ಹೊಸ ಚಿತ್ರ ಬಂದಂತೆ ಹಳೆಯದನ್ನು ಬಿಡುತ್ತಾ ಹೋಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸಂಖ್ಯೆ ಏರಿಸಬಹುದು, ಆದರೆ ಪಟ್ಟಿ ಮುಚ್ಚಿ ತೆರೆದರೆ ಮತ್ತೆ 25. ಯಾರ ತಲೆಗೆ ಹೊಳೆದದ್ದೋ ಈ ಏರ್ಪಾಡು, ನನಗಂತೂ ಇಷ್ಟವಿಲ್ಲ. ಹುಡುಗ ಅದಕ್ಕೇ ಹೇಳಿದ: "ಇಡೀ ದಿನ ಬೇಡ ಮೇಡಂ. ಸದಸ್ಯರ ಖಾತೆ ತೆರೆಯೋದರಿಂದ ರಸೀದಿ ಬರೋವರೆಗೆ ಸಾಕು. ಎರಡು ಬಂದರೆ ಕಳಿಸಿ, ಒಂದೇ ಬಂದರೆ ಅಳಿಸಿಬಿಡಿ."

ಕಳಿಸುವ ಮುಂಚೆ ನಮ್ಮ ಕಾರ್ಯದರ್ಶಿಗಳು ಒಂದು ಸಲ ನೋಡಿದರು. ಒಳ್ಳೆಯದೇ ಆಯ್ತು. ನಾವು ಟೈಪ್ ಮಾಡಿದ ಅಕ್ಷರಗಳನ್ನು ಈ ಸಲಕರಣೆ ಬರೆದುಕೊಳ್ಳುವುದಿಲ್ಲ. ಆದರೆ ಪರದೆ ಮೇಲೆ ಕಂಡದ್ದೆಲ್ಲ ಚಿತ್ರದಲ್ಲಿ ಬರುತ್ತದೆ, ಸದಸ್ಯರ ಹೆಸರು, ಖಾತೆ ನಂಬರು, ಹಿಂದೆ ತೆರೆದಿಟ್ಟ ಇನ್ನೊಂದು ಕಿಟಕಿಯಲ್ಲಿದ್ದ ಸೀರೆ ಅಂಗಡಿಯೂ ಸೇರಿ. ಬೇರೆ ಕಿಟಕಿ ಮುಚ್ಚಿ, ಪರೀಕ್ಷೆಗೆಂದೇ ಇರುವ ಖಾತೆಯಲ್ಲಿ ಮತ್ತೆ ಮಾಡಿಸಿದರು.

ಈ ಸಲ ಎರಡು ರಸೀದಿ ಬಂತು, ಫೈಲೂ ಹೋಯಿತು. ಹುಡುಗ ಚಿತ್ರಗಳನ್ನು ಹೆಚ್ಚು ನೋಡಲೇ ಇಲ್ಲವಂತೆ. ಸೇವ್ ಬಟನ್ನಿನ ಸಾಲು ಓದಿದ, ಅಷ್ಟೇ:

```
User left double click on "Save (button)"
```

ಮೇಡಂ ಕಂಪ್ಯೂಟರ್ ಕಲಿತದ್ದು ಡೆಸ್ಕ್‌ಟಾಪಿನ ಚಿತ್ರಗಳನ್ನು ಟಕ್ ಟಕ್ ಅಂತ ಒತ್ತಿ ತೆರೆಯುವುದರಿಂದ. ಅಂದಿನಿಂದ ಅವರು ಎಲ್ಲವನ್ನೂ ಹಾಗೇ ಒತ್ತುತ್ತಾರೆ. ಬಟನ್ನು, ಮೆನು, ಲಿಂಕು, ಯಾವುದಾದರೂ ಸರಿ. ಅವರ ಲೆಕ್ಕದಲ್ಲಿ ಆ ಟಕ್ ಟಕ್ ಒಂದೇ ಸಲ. ಅದನ್ನು ಬಿಡಿಸಿ ಹೇಳಬೇಕು ಅಂತ ಅವರಿಗೆ ಹೊಳೆಯುವುದಾದರೂ ಹೇಗೆ?

ಹಾಗಾದರೆ ಪ್ರತಿ ಸಲ ಯಾಕೆ ಎರಡು ಬರುತ್ತಿರಲಿಲ್ಲ? ಸರ್ವರ್ ಚುರುಕಾಗಿದ್ದರೆ ಮೊದಲ ಟಕ್‌ಗೇ ಪುಟ ಬದಲಾಗಿ, ಎರಡನೆಯದು ಖಾಲಿ ಜಾಗದ ಮೇಲೆ ಬೀಳುತ್ತಿತ್ತು. ಮಧ್ಯಾಹ್ನ ಜನ ತುಂಬಿ ಲೈನ್ ನಿಧಾನವಾದಾಗ ಬಟನ್ ಇನ್ನೂ ಅಲ್ಲೇ ಇರುತ್ತಿತ್ತು. ಎರಡನೇ ಟಕ್‌ಗೂ ಒಂದು ರಸೀದಿ ಹುಟ್ಟುತ್ತಿತ್ತು. ತಪ್ಪು ಮೇಡಂದಲ್ಲ ಅಂತಲೇ ನನ್ನ ತೀರ್ಪು. ದುಡ್ಡು ಬರೆದುಕೊಳ್ಳುವ ಬಟನ್ ಒಂದು ಸಲ ಒತ್ತಿಸಿಕೊಂಡ ಮೇಲೆ ತಾನೇ ಮಂಕಾಗಿ ಕೂರಬೇಕು, ಅಲ್ವಾ? ಹುಡುಗನೂ ಒಪ್ಪಿ ಹಾಗೇ ಮಾಡಿಕೊಟ್ಟ. ಮೇಡಂ ಟಕ್ ಟಕ್ ನಿಲ್ಲಿಸಲಿಲ್ಲ, ರಸೀದಿ ಮಾತ್ರ ಒಂದೇ ಬರುತ್ತಿದೆ.

ಇಷ್ಟೆಲ್ಲ ಉಪಕಾರ ಮಾಡಿದ ಈ ಸಲಕರಣೆಯನ್ನು ಇನ್ನು ಬೆಳೆಸುವುದಿಲ್ಲ, ಮುಂದೆ ವಿಂಡೋಸಿನಿಂದ ತೆಗೆಯುತ್ತೇವೆ ಅಂತ ಮೈಕ್ರೋಸಾಫ್ಟ್ 2023ರ ಕೊನೆಯಲ್ಲಿ ಹೇಳಿತು. ಬದಲಿಗೆ ಸ್ನಿಪ್ಪಿಂಗ್ ಟೂಲಿನಲ್ಲಿ ಪರದೆಯ ವಿಡಿಯೋ ಮಾಡಿ ಅನ್ನುತ್ತದೆ. ವಿಡಿಯೋದಲ್ಲಿ ಬಾಣ ಬಟನ್ ಮೇಲೆ ಹೋಗಿ ನಿಲ್ಲುವುದು ಕಾಣುತ್ತದೆ. ಎಷ್ಟು ಸಲ ಒತ್ತಿದರು ಅಂತ ಬರೆದುಕೊಡುವವರು ಅಲ್ಲಿ ಯಾರೂ ಇಲ್ಲ. ಇದಕ್ಕೇನು ಮಾಡೋದು ಅಂತ ಹುಡುಗನನ್ನು ಕೇಳಿದೆ.

"ಮೈಕ್ ಆನ್ ಮಾಡಿ ಕಳಿಸಿ ಸರ್" ಅಂದ. "ಟಕ್ ಟಕ್ ಕೇಳಿಸುತ್ತೆ."