ಉದ್ದದ ಮೊಳ, ಗಿಡ್ಡ ಮೊಳ

ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಆಸುಪಾಸಿನಲ್ಲಿ ಹೂ ಕೊಳ್ಳುವವರು ಎರಡು ಥರ. ‘ಮೊಳ ಎಷ್ಟಮ್ಮಾ?’ ಅಂತ ಕೇಳಿ, ಚೌಕಾಸಿ ಮಾಡಿ, ಐದು ರೂಪಾಯಿ ಇಳಿಸಿಕೊಂಡು ಗೆದ್ದೆವೆಂದು ಹೋಗುವವರು ಒಂದು ಥರ. ಬೆಲೆಯ ಸುದ್ದಿಗೇ ಹೋಗದೆ, ಹೂವಮ್ಮ ಅಳೆಯುವಾಗ ಅವಳ ಮೊಣಕೈಯನ್ನೇ ದಿಟ್ಟಿಸುವವರು ಇನ್ನೊಂದು ಥರ. ನನ್ನ ಹೆಂಡತಿ ಎರಡನೆಯವಳು. ಹೂವಮ್ಮನಿಗೆ ಭಯ ಇರುವುದೂ ಇಂಥವರದೇ.

ಯಾಕೆಂದರೆ ಹೂವಿನ ಬೆಲೆ ಏರುವುದು ಬಾಯಲ್ಲಿ ಅಲ್ಲ, ಕೈಯಲ್ಲಿ. ಮಂಡಿಯಲ್ಲಿ ಬಿಡಿ ಮಲ್ಲಿಗೆ ಕೆಜಿ ಲೆಕ್ಕ, ಕಟ್ಟಿದ ಸೇವಂತಿಗೆ ಮಾರಿನ ಲೆಕ್ಕ. ನಮ್ಮ ಬೀದಿಗೆ ಬರುವ ಹೊತ್ತಿಗೆ ಎಲ್ಲವೂ ಮೊಳ. ಕೆಜಿಯಲ್ಲಿ ಕೊಂಡು ಮೊಳದಲ್ಲಿ ಮಾರುವ ಆ ಸಂದಿಯಲ್ಲೇ ಅವಳ ಸಂಸಾರ ನಡೆಯಬೇಕು.

ಒಂದು ಸಲ ಬಿಡುವಾಗಿದ್ದಾಗ ಲೆಕ್ಕ ಬಿಡಿಸಿ ಹೇಳಿದ್ದಳು. ಹಬ್ಬ ಹರಿದಿನ ಇಲ್ಲದ ಒಂದು ದಿನ, ಮಲ್ಲಿಗೆ ಮೊಗ್ಗು ಕೆಜಿಗೆ 600 ಅಂತಿಟ್ಟುಕೊಳ್ಳಿ. ಅರಳಿ ಹೋದದ್ದು, ತೊಟ್ಟು ಮುರಿದದ್ದು ತೆಗೆದು ಕಟ್ಟಿದರೆ ಅವಳ ಕೈಗೆ 45 ಮೊಳ. ಕಟ್ಟುವುದು ಅವಳೊಬ್ಬಳಿಂದ ಆಗುವ ಕೆಲಸವಲ್ಲ. ಪಕ್ಕದ ಮನೆಯ ಹೆಂಗಸರಿಗೆ ಮೊಳಕ್ಕೆ 3 ರೂಪಾಯಿ ಕೂಲಿ. ಬಾಳೆನಾರು, ಆಟೋದ ಪಾಲು ಸೇರಿ ಒಟ್ಟು 750. ಮೊಳಕ್ಕೆ 25 ಅಂದರೆ ಮೊದಲ 30 ಮೊಳ ಹೋಗುವವರೆಗೂ ಅವಳದ್ದೇನೂ ಇಲ್ಲ, ಬರೀ ಅಸಲು. ಉಳಿದ 15 ಮೊಳದಲ್ಲಿ ಅವಳ ಕೂಲಿ. ಅದರಲ್ಲೂ ಕೊನೆಯ ಐದು ಮೊಳ ರಾತ್ರಿ ಎಂಟರ ಮೇಲೆ ಹತ್ತು ಹತ್ತು ರೂಪಾಯಿಗೆ ಹೋದರೆ, ದಿನದ ಗಳಿಕೆ 300. ಮಲ್ಲಿಗೆಯನ್ನು ನಾಳೆಗೆ ಇಡುವ ಹಾಗಿಲ್ಲ. ಬೆಳಗ್ಗೆ ಮೊಗ್ಗಾಗಿ ಬಂದದ್ದು ರಾತ್ರಿ ಅರಳಿ, ಮರುದಿನಕ್ಕೆ ಕಂದುತ್ತದೆ.

ಈಗ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಗುರುವಾರಕ್ಕೆ ಬನ್ನಿ. ಅದೇ ಮೊಗ್ಗು 1500 ಆಗಿರುತ್ತದೆ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ರೇಟು ಎದ್ದರೆ ಇಲ್ಲಿಯ ಹೂ ಅತ್ತ ಲಾರಿ ಹತ್ತುತ್ತದೆ. ಉಳಿದದ್ದಕ್ಕೆ ಇಲ್ಲಿಯವರು ಕಿತ್ತಾಡಬೇಕು. ಕಟ್ಟುವ ಹೆಂಗಸರಿಗೂ ಹಬ್ಬ ತಾನೇ, ಮೊಳಕ್ಕೆ 5 ಕೇಳುತ್ತಾರೆ. ಎಲ್ಲ ಸೇರಿ 1750. ಹಿಂದಿನ ಹಾಗೇ 30 ಮೊಳಕ್ಕೆ ಅಸಲು ಬರಬೇಕಾದರೆ ಮೊಳಕ್ಕೆ 60 ಹೇಳಬೇಕು. ಹೇಳಿ ನೋಡಿ! ‘ಮೊನ್ನೆ 25 ಇತ್ತಲ್ಲಮ್ಮ, ಇದೇನು ಹಗಲು ದರೋಡೆ’ ಅಂತ ಜನ ಮುಂದಿನ ಬುಟ್ಟಿಗೆ ಹೋಗುತ್ತಾರೆ. ಮುಂದಿನ ಬುಟ್ಟಿಯಲ್ಲೂ ಅದೇ ರೇಟು ಅನ್ನುವುದು ಬೇರೆ ಮಾತು.

ಹಾಗಾಗಿ ಅವಳು 50 ಅನ್ನುತ್ತಾಳೆ. ಮಿಕ್ಕಿದ್ದನ್ನು ಬೆರಳುಗಳಿಗೆ ಬಿಡುತ್ತಾಳೆ. ಒತ್ತಾಗಿ ಬರುತ್ತಿದ್ದ ಗಂಟುಗಳ ನಡುವೆ ಉಗುರಿನಷ್ಟು ಜಾಗ ಬೀಳುತ್ತದೆ. ಅಳೆಯುವ ಕೈ ಮೊಣಕೈ ಮುಟ್ಟುವ ಮೊದಲೇ ನಿಂತುಬಿಡುತ್ತದೆ. 45 ಮೊಳದ ಕೆಜಿ 54 ಮೊಳವಾಗುತ್ತದೆ. ಹೆಚ್ಚಿನ ಒಂಬತ್ತು ಮೊಳದ ಕೂಲಿ ಸೇರಿಸಿದರೂ 36 ಮೊಳಕ್ಕೆ ಅಸಲು ಬಂತು, 18 ಅವಳಿಗೆ. ಸಾಲದಿದ್ದರೆ ನಡುನಡುವೆ ಕಾಕಡ ಇಣುಕುತ್ತದೆ. ಕಾಕಡಕ್ಕೆ ಮಲ್ಲಿಗೆಯ ಬಣ್ಣವಿದೆ, ಪರಿಮಳವಿಲ್ಲ, ಬೆಲೆ ಕಡಿಮೆ. ಬೆರಕೆ ತಿಳಿಯಬೇಕಾದರೆ ನೋಡಬಾರದು, ಮೂಸಬೇಕು. ಮೂಸಿದ ಹೂ ದೇವರಿಗೆ ಆಗದು ಅನ್ನುವ ನೇಮ ಇರುವವರೆಗೆ ವ್ಯಾಪಾರಕ್ಕೆ ಭಯವಿಲ್ಲ.

ಇದನ್ನು ಮೋಸ ಅಂತ ಕರೆಯಲು ನನಗೆ ನಾಲಿಗೆ ಏಳುವುದಿಲ್ಲ. ಆಷಾಢದಲ್ಲಿ ಮದುವೆಗಳಿಲ್ಲದೆ ಹೂ ನೆಲ ಕಚ್ಚಿದಾಗ ಇದೇ ಕೈ ಮೊಣಕೈ ದಾಟಿ ನಾಲ್ಕು ಬೆರಳು ಮುಂದೆ ಹೋಗಿರುತ್ತದೆ. ಆಗ ಯಾರೂ ‘ಏನಮ್ಮಾ, ಜಾಸ್ತಿ ಆಯ್ತಲ್ಲ’ ಅಂದದ್ದು ಕೇಳಿಲ್ಲ. ‘ಆಗ ಕೊಟ್ಟಿದ್ದು ಯಾರ ಕಣ್ಗೂ ಬೀಳ್ಲಿಲ್ಲ ಕಣಕ್ಕ, ಈಗ ಅಳತೆಪಟ್ಟಿ ತತ್ತೀರಾ’ ಅಂತ ಅವಳು ನನ್ನ ಹೆಂಡತಿಗೆ ಹೇಳಿದ್ದಕ್ಕೆ ನಮ್ಮ ಮನೆಯಲ್ಲಿ ಉತ್ತರ ಇರಲಿಲ್ಲ.

ಇದರ ನಡುವೆ ವರ್ತನೆ ಮನೆಗಳು. ದಿನಾ ಬೆಳಗ್ಗೆ ಗೇಟಿಗೆ ಹೂ ಸಿಕ್ಕಿಸಿ ಹೋಗುವುದು, ತಿಂಗಳಿಗೊಮ್ಮೆ ದುಡ್ಡು. ದಿನಕ್ಕೆ ಇಷ್ಟು ಅಂತ ಒಮ್ಮೆ ಮಾತಾದ ಮೇಲೆ ಮಂಡಿ ಕುಣಿದರೂ ಅದು ಕುಣಿಯುವುದಿಲ್ಲ. ನಾವೂ ವರ್ತನೆಯವರೇ. ಹಬ್ಬದ ವಾರ ನಮ್ಮ ಗೇಟಿನಲ್ಲಿ ಮಲ್ಲಿಗೆಯ ಬದಲು ಎರಡು ಸೇವಂತಿಗೆ, ಒಂದು ಕಣಗಿಲೆ, ಚಿಟಿಕೆ ತುಳಸಿ ನೇತಾಡಿದರೆ ಮಾರುಕಟ್ಟೆಯ ಸ್ಥಿತಿ ಎದ್ದು ಹೋಗದೆಯೇ ತಿಳಿಯುತ್ತದೆ. ಹಬ್ಬದ ದಿನ ಇದರಿಂದ ಅವಳಿಗೆ ನಷ್ಟವೇ. ಆದರೂ ಬಿಡುವುದಿಲ್ಲ. ಮಳೆ ಹಿಡಿದು ಬೀದಿಯಲ್ಲಿ ನರಪಿಳ್ಳೆ ಇಲ್ಲದ ದಿನವೂ ಈ ದುಡ್ಡು ಖಾತ್ರಿ.

ಮಳೆಯದು ಬೇರೆಯೇ ಲೆಕ್ಕ. ಸಕಲೇಶಪುರದ ಕಡೆಯ ಜಡಿಮಳೆ ಇತ್ತ ಹೊರಳಿದರೆ ಚೀಲದಲ್ಲಿ ಬರುವ ಬಿಡಿ ಸೇವಂತಿಗೆ ನೀರು ಕುಡಿದಿರುತ್ತದೆ. ತೂಕಕ್ಕೆ ಹೂವಿನ ಜೊತೆ ನೀರನ್ನೂ ಕೊಂಡ ಹಾಗೆ. ಮೇಲೆ ನೋಡಿದರೆ ಫಳಫಳ. ಅವಳು ಮೇಲೆ ನೋಡುವುದಿಲ್ಲ. ಚೀಲದೊಳಗೆ ಮೊಣಕೈವರೆಗೆ ಕೈ ತೂರಿಸುತ್ತಾಳೆ. ನಡುವೆ ಬೆಚ್ಚಗಿದ್ದರೆ ಹೂ ಬೇಯಲು ಶುರುವಾಗಿದೆ ಅಂತ ಅರ್ಥ. ಒಂದು ಹೂ ತೆಗೆದು ಮಗುಚುತ್ತಾಳೆ. ತೊಟ್ಟಿನ ಹತ್ತಿರದ ಎಸಳು ಕಂದಿದ್ದರೆ ಸಂಜೆಯೊಳಗೆ ಉದುರುತ್ತದೆ. ನೀರು ತಾಗದ ಒಳ್ಳೆಯ ಸೇವಂತಿಗೆಯಾದರೆ ಮೂರು ದಿನ ತಡೆಯುತ್ತದೆ, ಹಾಗಾಗಿ ಹಬ್ಬಕ್ಕೆ ಎರಡು ದಿನ ಮೊದಲೇ, ರೇಟು ಏರುವ ಮುಂಚೆ ತಂದಿಡಬಹುದು. ಮಲ್ಲಿಗೆಯಲ್ಲಿ ಹೋಗುವುದನ್ನು ಅವಳು ಸೇವಂತಿಗೆಯಲ್ಲಿ ಹಿಡಿಯುವುದು ಹೀಗೆ. ಮಳೆ ಬಂದರೆ ಆ ದಾರಿಯೂ ಮುಚ್ಚಿತು.

ಹಾಸನಾಂಬೆಯ ಬಾಗಿಲು ತೆರೆಯುವ ಆಶ್ವಯುಜದ ದಿನಗಳು ಇನ್ನೂ ವಿಚಿತ್ರ. ವರ್ಷಕ್ಕೊಮ್ಮೆ ತೆರೆಯುವ ಗುಡಿ, ಊರೆಲ್ಲ ಪರಊರಿನವರು, ಜೊತೆಗೆ ದೀಪಾವಳಿ. ಅದೇ ಹೊತ್ತಿಗೆ ಚಳಿ ಕಾಲಿಟ್ಟು ಮಲ್ಲಿಗೆ ಗಿಡ ಮೊಗ್ಗು ಬಿಡುವುದನ್ನು ಕಡಿಮೆ ಮಾಡಿರುತ್ತದೆ. ಕೇಳುವವರು ಹೆಚ್ಚು, ಹೂ ಕಡಿಮೆ. ಸಾಲಿನಲ್ಲಿ ನಿಂತವರು ಬೆಲೆ ಕೇಳುವುದಿಲ್ಲ, ಅಳತೆಯನ್ನಂತೂ ನೋಡುವುದೇ ಇಲ್ಲ. ಆಗ ಬೀದಿಯಲ್ಲಿ ಎರಡು ಬೆಲೆ: ಗುಡಿಯ ದಾರಿಯಲ್ಲಿ ಒಂದು, ಗುರುತಿನವರಿಗೆ ಒಂದು. ನಾವು ಊರಿನವರೆಂದು ತೋರಿಸಿಕೊಳ್ಳಲು ಹೆಗಲಿಗೆ ತರಕಾರಿ ಚೀಲ ಹಾಕಿಕೊಂಡೇ ಹೋಗುತ್ತೇವೆ.

ಫೋನಿನಲ್ಲಿ ದುಡ್ಡು ಹಾಕುವುದು ಬಂದ ಮೇಲೆ ಚೌಕಾಸಿಯ ಸ್ವರೂಪವೂ ಬದಲಾಗಿದೆ. ಮೊದಲು ಬೆಲೆ ಹತ್ತರ ಲೆಕ್ಕದಲ್ಲೇ ನೆಗೆಯಬೇಕಿತ್ತು. 35 ಅಂದರೆ ಚಿಲ್ಲರೆಗೆ ಪರದಾಟ. ಚಿಲ್ಲರೆ ಇಲ್ಲದಿದ್ದರೆ ಅವಳು ಇನ್ನೊಂದು ಗೇಣು ಹೂ ಕತ್ತರಿಸಿ ಕೊಡುತ್ತಿದ್ದಳು. ಈಗ 35, 45 ಎಲ್ಲ ಸಲೀಸು. ಆ ಗೇಣು ಹೂ ನಮಗೆ ತಪ್ಪಿಹೋಯಿತು.

ಹಬ್ಬದ ದಿನ ಮಧ್ಯಾಹ್ನ ಎರಡರ ಹೊತ್ತಿಗೆ ಬನ್ನಿ. ಪೂಜೆ ಮುಗಿದಿರುತ್ತದೆ, ಬೆಳಗ್ಗೆ 50 ಇದ್ದ ಮೊಳ 20ಕ್ಕೆ ಇಳಿದಿರುತ್ತದೆ, ಮೊಣಕೈ ಮತ್ತೆ ತನ್ನ ಜಾಗಕ್ಕೆ ಬಂದಿರುತ್ತದೆ. ನನ್ನ ಹೆಂಡತಿ ಸಂಜೆಯ ಆರತಿಗೆ ಹೂ ತರುವುದು ಆ ಹೊತ್ತಿಗೇ. ‘ಬೆಳಗ್ಗೆ ಯಾಕ್ ಬರ್ಲಿಲ್ಲ ಅಕ್ಕ?’ ಅಂತ ಹೂವಮ್ಮ ಕೇಳುತ್ತಾಳೆ. ಇವಳು ‘ಅಡಿಗೆ ಕೆಲಸ ಇತ್ತಮ್ಮ’ ಅನ್ನುತ್ತಾಳೆ. ಇಬ್ಬರೂ ನಗುವುದಿಲ್ಲ.