ಹೋದವರ ಹೆಸರಿನಲ್ಲಿ ಒಂದು ಪುಲ್ ರಿಕ್ವೆಸ್ಟ್

ಉದ್ಯೋಗಿಯೊಬ್ಬ ಕಂಪನಿ ಬಿಟ್ಟರೆ ಅವನ ಲ್ಯಾಪ್‌ಟಾಪ್, ಗುರುತಿನ ಚೀಟಿ, ಇಮೇಲ್ ಎಲ್ಲವೂ ಸಂಜೆಯೊಳಗೆ ವಶವಾಗುತ್ತವೆ. ಚಾರ್ಜರ್‌ಗೂ ರಸೀದಿ ಉಂಟು. ಅವನು ತೆರೆದಿಟ್ಟು ಹೋದ ಪುಲ್ ರಿಕ್ವೆಸ್ಟ್ ಮಾತ್ರ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅದನ್ನು ಕೇಳುವವರಿಲ್ಲ ಎಂದಲ್ಲ. ಎಲ್ಲರೂ ಕೇಳುತ್ತಾರೆ, ಹೋದವನನ್ನೇ ಕೇಳುತ್ತಾರೆ.

ಗಿಟ್‌ಹಬ್‌ನಲ್ಲಿ 482ನೇ ಸಂಖ್ಯೆಯ ಒಂದು ಪುಲ್ ರಿಕ್ವೆಸ್ಟ್ ಇದೆ ಎಂದುಕೊಳ್ಳಿ. ಪಾವತಿ ಸೇವೆ ಸಮಯಕ್ಕೆ ಉತ್ತರಿಸದಿದ್ದರೆ ಅದೇ ಕೋರಿಕೆಯನ್ನು ಮತ್ತೆ ಕಳುಹಿಸುವ ಕೋಡ್ ಅದು. 'ಎರಡು ಸಲ ಹೋದರೆ ಗ್ರಾಹಕರ ಹಣ ಎರಡು ಸಲ ಕಡಿತವಾಗುವುದಿಲ್ಲವೇ? ಪರೀಕ್ಷೆ ಬರೆಯಿರಿ' ಎಂದು ರಿವ್ಯೂ ಮಾಡಿದವರು ತಡೆ ಹಾಕಿದ್ದಾರೆ. ಉತ್ತರ ಕೊಡಬೇಕಾದವನು ಅಷ್ಟರಲ್ಲಿ ಬೇರೆ ಕಂಪನಿ ಸೇರಿದ್ದಾನೆ.

ಮುಂದಿನ ಜವಾಬ್ದಾರಿ ಬಾಟ್‌ನದು. `actions/stale` ಎಂಬ ಈ ಬಾಟ್‌ಗೆ ಬೇರೆ ಏನೂ ಹೇಳದಿದ್ದರೆ 60 ದಿನ ಚಲನೆಯಿಲ್ಲದ್ದಕ್ಕೆ 'ಹಳಸಿದೆ' ಎಂಬ ಚೀಟಿ ಅಂಟಿಸಿ, ಇನ್ನೂ 7 ದಿನ ನೋಡಿ ಮುಚ್ಚಿಬಿಡುತ್ತದೆ. ಆದರೆ ನಡುವೆ ಯಾರಾದರೂ ಒಂದು ಮಾತು ಬರೆದರೆ ಚೀಟಿ ಉದುರಿ ಎಣಿಕೆ ಮತ್ತೆ ಮೊದಲಿನಿಂದ. ಹಾಗಾಗಿ ತಂಡದಲ್ಲೊಬ್ಬರು ಎರಡು ತಿಂಗಳಿಗೊಮ್ಮೆ ಬಂದು 'ಇದು ಬೇಕು' ಎಂದು ಬರೆದು ಹೋಗುತ್ತಾರೆ. ಬೇಕೆಂದವರು ಕೈ ಹಚ್ಚಬೇಕೆಂಬ ನಿಯಮ ಎಲ್ಲೂ ಇಲ್ಲವಲ್ಲ.

ಕೊನೆಗೆ ವ್ಯವಸ್ಥಾಪಕರು ಧೈರ್ಯ ಮಾಡಿ ಮಾಲೀಕತ್ವ ವರ್ಗಾಯಿಸುತ್ತಾರೆ. ಎಂದರೆ ಪುಟದ ಬಲಬದಿಯ ಪುಟ್ಟ ಭಾವಚಿತ್ರ ಬದಲಾಗುತ್ತದೆ. ಪುಲ್ ರಿಕ್ವೆಸ್ಟ್ ತೆರೆದವರ ಹೆಸರನ್ನು ಬದಲಿಸಲು ಗಿಟ್‌ಹಬ್‌ನಲ್ಲಿ ದಾರಿಯೇ ಇಲ್ಲ. ಬ್ರಾಂಚ್ ಇದ್ದದ್ದು ಹೋದವನ ಸ್ವಂತ ಫೋರ್ಕ್‌ನಲ್ಲಿ. ಖಾಸಗಿ ರೆಪೊಸಿಟರಿಯಿಂದ ಅವನ ಪ್ರವೇಶ ತೆಗೆದ ಕ್ಷಣ ಆ ಫೋರ್ಕ್ ಕೂಡ ಅಳಿದುಹೋಗಿದೆ. ಪುಟ `unknown repository` ಎನ್ನುತ್ತಿದೆ. ಹೊಸ ವಾರಸುದಾರಳಿಗೆ ದೊರೆತದ್ದು ಬೀಗವಿಲ್ಲದ ಕೀಲಿಕೈ.

ಕೋಡ್ ಕಳೆದುಹೋಯಿತೆಂದು ಸಭೆ ಸೇರುತ್ತದೆ. ಮೊದಲಿನಿಂದ ಬರೆಯಲು ಎರಡು ವಾರ ಬೇಕೆಂದು ತೀರ್ಮಾನವಾಗುತ್ತದೆ. ಆ ಸಭೆಯ ಕಾಲು ಭಾಗದ ಹೊತ್ತು ಸಾಕಾಗಿತ್ತು, ಏಕೆಂದರೆ ಫೋರ್ಕ್ ಹೋದರೂ ಪುಲ್ ರಿಕ್ವೆಸ್ಟ್‌ನ ಕಮಿಟ್‌ಗಳು ಮೂಲ ರೆಪೊಸಿಟರಿಯಲ್ಲೇ `refs/pull/482/head` ಎಂಬಲ್ಲಿ ಉಳಿದಿರುತ್ತವೆ:

```
git fetch origin pull/482/head:retry-fix
git switch retry-fix
git rebase origin/main
git push -u origin retry-fix
```

ಈ ಬ್ರಾಂಚ್‌ನಿಂದ ಹೊಸ ಪುಲ್ ರಿಕ್ವೆಸ್ಟ್ ತೆರೆದು, ವಿವರಣೆಯಲ್ಲಿ 482ನ್ನು ಉಲ್ಲೇಖಿಸಿ, ಹಳೆಯದರಲ್ಲಿ ಹೊಸದರ ಕೊಂಡಿ ಇಟ್ಟು ಮುಚ್ಚಿದರೆ ವರ್ಗಾವಣೆ ಮುಗಿಯಿತು. ರಿಬೇಸ್ ಮಾಡಿದರೂ ಕಮಿಟ್ ಬರೆದವನ ಹೆಸರು ಅವನದೇ ಆಗಿರುತ್ತದೆ. ಅದನ್ನು ಹೊಸದಾಗಿ ಕೂರಿಸಿದವಳ ಹೆಸರು ಪಕ್ಕದಲ್ಲಿ ಸೇರುತ್ತದೆ. ನ್ಯಾಯವಾದ ಏರ್ಪಾಡು. ಕಂಪನಿಯ ತಪಾಸಣೆಗೆ ಮಾತ್ರ ಅದು ಒಪ್ಪಿಗೆಯಿಲ್ಲ: ಕಮಿಟ್‌ನಲ್ಲಿರುವ ಇಮೇಲ್ ಈಗಿನ ಸಿಬ್ಬಂದಿ ಪಟ್ಟಿಯಲ್ಲಿಲ್ಲವೆಂದು ಕೆಂಪು ಗುರುತು ಹಾಕುತ್ತದೆ. `--reset-author` ಕೊಟ್ಟು ಹೆಸರನ್ನೇ ಬದಲಿಸಿಬಿಡಿ ಎಂಬ ಸಲಹೆ ಐದೇ ನಿಮಿಷದಲ್ಲಿ ಬರುತ್ತದೆ. ಇನ್ನೊಬ್ಬರ ದುಡಿಮೆಗೆ ತನ್ನ ಹೆಸರು ಹಚ್ಚುವುದಕ್ಕಿಂತ ತಪಾಸಣೆಯ ನಿಯಮ ತಿದ್ದುವುದು ಮೇಲು ಎಂದು ಯಾರಿಗೂ ಹೊಳೆಯುವುದಿಲ್ಲ, ನಿಯಮ ಬರೆದವನೂ ಕಂಪನಿ ಬಿಟ್ಟಿರುವುದರಿಂದ.

ಯಾವ ಆಜ್ಞೆಯೂ ಎಳೆದು ತರದ ವಸ್ತು ಒಂದೇ: ಆ ಹಣದ ಪ್ರಶ್ನೆಗೆ ಉತ್ತರ. ಹೊಸ ಪುಲ್ ರಿಕ್ವೆಸ್ಟ್‌ಗೆ ಹಳೆಯ ತಡೆ ಅಂಟಿಕೊಂಡು ಬರುವುದಿಲ್ಲ, ಹಾಗಾಗಿ ಕಣ್ಣು ಮುಚ್ಚಿ ಮರ್ಜ್ ಮಾಡುವ ಆಸೆ ದೊಡ್ಡದು. ನಮ್ಮ ವಾರಸುದಾರಳು ವಿಚಿತ್ರ ಹೆಂಗಸು. ಹಳೆಯ ಚರ್ಚೆಯನ್ನು ಓದಿದಳು. ಒಂದೇ ಪಾವತಿ ಎರಡು ಸಲ ಬಂದರೆ ಗುರುತಿಸಲು ಪ್ರತಿ ಕೋರಿಕೆಯ ಜೊತೆ ಒಂದು ಗುರುತುಸಂಖ್ಯೆ ಹೋಗುತ್ತದೆ. ಹೋದವನು ಆ ಸಂಖ್ಯೆಯನ್ನು ಲೂಪ್‌ನ ಒಳಗೆ ಸೃಷ್ಟಿಸಿದ್ದ. ಪ್ರತಿ ಮರುಪ್ರಯತ್ನಕ್ಕೂ ಹೊಸ ಸಂಖ್ಯೆ, ಎಂದರೆ ಬ್ಯಾಂಕಿನ ಕಣ್ಣಿಗೆ ಪ್ರತಿ ಸಲವೂ ಹೊಸ ಪಾವತಿ. ಅನುಮಾನ ನಿಜವಾಗಿತ್ತು. ಆ ಸಾಲನ್ನು ಲೂಪ್‌ನ ಮೇಲಕ್ಕೆ ಸರಿಸಿ, ಮೊದಲ ಉತ್ತರವನ್ನು ಬೇಕೆಂದೇ ತಡಮಾಡಿಸಿ ಎರಡೂ ಕೋರಿಕೆಗಳ ಸಂಖ್ಯೆ ಒಂದೇ ಎಂದು ಖಚಿತಪಡಿಸುವ ಪರೀಕ್ಷೆ ಬರೆದು, ಪ್ರತ್ಯೇಕ ಕಮಿಟ್ ಆಗಿ ಸೇರಿಸಿದಳು. ತಪ್ಪು ಯಾರದು, ತಿದ್ದಿದ್ದು ಯಾರು ಎಂಬುದು ಇತಿಹಾಸದಲ್ಲಿ ಬೇರೆಬೇರೆಯಾಗಿ ಉಳಿಯಿತು.

ಒಂದು ಮಧ್ಯಾಹ್ನದ ಕೆಲಸ. ಇದರಿಂದ ಎಚ್ಚೆತ್ತ ಆಡಳಿತ ಕೂಡಲೇ ಹಸ್ತಾಂತರ ಪತ್ರವೊಂದನ್ನು ಜಾರಿಗೆ ತಂದಿತು. ಇನ್ನು ಮುಂದೆ ಬಿಟ್ಟುಹೋದವರ ಪುಲ್ ರಿಕ್ವೆಸ್ಟ್ ಮುಟ್ಟಬೇಕಾದರೆ ಮೂಲ ಲೇಖಕರ ಲಿಖಿತ ಒಪ್ಪಿಗೆ ಕಡ್ಡಾಯ. ಕೋರಿಕೆಯನ್ನು ಅವರ ಕಚೇರಿಯ ಇಮೇಲ್‌ಗೇ ಕಳುಹಿಸತಕ್ಕದ್ದು.